ಆರು ವರ್ಷದ ಗ್ಯಾಪ್‌ಗೆ ಒಂದು ವಾಕ್ಯ

"ಅಕ್ಕ, ನಾನು ಮಕ್ಕಂದೂರು ಕಡೆಯವಳು. ಮೈಸೂರಲ್ಲಿ ಏಳು ವರ್ಷ ಅಕೌಂಟೆಂಟ್ ಆಗಿದ್ದೆ. 2018ರಲ್ಲಿ ಗುಡ್ಡ ಜರಿದ್ಮೇಲೆ ಕೆಲ್ಸ ಬಿಟ್ಟು ಊರಿಗೆ ಹೋದೆ, 2024ರವರೆಗೂ ಅತ್ತೆನ, ತೋಟನ ನೋಡ್ಕೊಂಡೆ. ಹೋದ ವರ್ಷ ಟೊರೊಂಟೊಗೆ ಬಂದು ಕ್ವಿಕ್‌ಬುಕ್ಸ್ ಕೋರ್ಸ್ ಮುಗಿಸ್ದೆ. ಪ್ರೊಫೈಲ್ ಸಮ್ಮರಿಲಿ ಈ ಆರು ವರ್ಷ ಹೇಗೆ ಬರೀಲಿ?"

ನೋಡಮ್ಮ, ನೀನು ಕಳ್ಸಿದ ಡ್ರಾಫ್ಟ್ ಓದ್ದೆ. ಅದ್ರಲ್ಲಿ ಹತ್ತು ಸಾಲಿದೆ, ಏಳು ಸಾಲು ಮಳೆ, ಅತ್ತೆ ಆಪರೇಷನ್, ಮನೆ ಬಿರುಕು ಬಿಟ್ಟಿದ್ದು. ಓದಿ ನಂಗೆ ಕಣ್ಣು ತುಂಬಿ ಬಂತು, ಆದ್ರೆ ಇಲ್ಲಿ ಕೆಲ್ಸ ಕೊಡೋರಿಗೆ ನೀನು ಲೆಕ್ಕ ಬಲ್ಲವಳು ಅನ್ನೋದು ಎಂಟನೇ ಸಾಲಿಗೆ ಗೊತ್ತಾಗುತ್ತೆ, ಲಿಂಕ್ಡ್‌ಇನ್‌ನಲ್ಲಂತೂ ಸಮ್ಮರಿದು ಮೊದಲ ಕೆಲವು ಸಾಲು ಮಾತ್ರ ಕಾಣೋದು, ಮಿಕ್ಕಿದ್ದು ಒತ್ತಿದ್ರೆ ತಾನೇ.

ಅದಕ್ಕೆ ಮೊದ್ಲು ಕೆಲ್ಸ, ಆಮೇಲೆ ಗ್ಯಾಪ್, ಕೊನೆಗೆ ಈಗ ಏನು ಮಾಡ್ತಿದೀಯ ಅನ್ನೋದು. ಕನ್ನಡದಲ್ಲೇ ಬರೀತೀನಿ, ನೀನು ಇಂಗ್ಲಿಷ್ ಮಾಡ್ಕೋ:

"ಏಳು ವರ್ಷ ಅನುಭವ ಇರುವ ಅಕೌಂಟೆಂಟ್, ಟ್ಯಾಲಿ, ಸಂಬಳದ ಲೆಕ್ಕ, ತಿಂಗಳ ಮುಕ್ತಾಯದ ಲೆಕ್ಕ. 2018ರಿಂದ 2024ರವರೆಗೆ ಕುಟುಂಬದವರ ಆರೈಕೆಗಾಗಿ ಕೆಲಸ ಬಿಟ್ಟಿದ್ದೆ, ಆಗ ಮನೆಯ ಕಾಫಿ ತೋಟದ ಲೆಕ್ಕ ಮತ್ತು ಕೂಲಿ ಬಟವಾಡೆ ನೋಡಿಕೊಂಡೆ. ಈಗ ಕ್ವಿಕ್‌ಬುಕ್ಸ್ ಕೋರ್ಸ್ ಮುಗಿಸಿ ಬುಕ್‌ಕೀಪಿಂಗ್ ಕೆಲಸ ಹುಡುಕುತ್ತಿದ್ದೇನೆ."

ಗ್ಯಾಪ್‌ಗೆ ಒಂದೇ ವಾಕ್ಯ, ಅದ್ರಲ್ಲಿ ವರ್ಷ ಇದೆ, ಕಾರಣ ಇದೆ, ಮುಗೀತು ಅನ್ನೋದೂ ಇದೆ. ಅತ್ತೆಗೆ ಏನು ಕಾಯಿಲೆ ಅನ್ನೋದು ಬೇಡ, ಅದು ಅವ್ರ ಖಾಸಗಿ ವಿಷ್ಯ. ನಮ್ಮೂರಿನ ಬಯೋಡಾಟದ ಹಾಗೆ ಮದುವೆ, ವಯಸ್ಸು, ಫೋಟೋ ಇಲ್ಲಿನ ರೆಸ್ಯೂಮೆಗೆ ಹಾಕಲ್ಲ.

ತೋಟದ ಮಾತು ಎಷ್ಟು ನಿಜವೋ ಅಷ್ಟೇ ಬರಿ. ವಾರವಾರ ಮಸ್ಟರ್ ರೋಲ್ ನೋಡಿ ಬಟವಾಡೆ ಮಾಡಿದ್ದು, ಕಾಫಿ ಮಾರಿದ ಲೆಕ್ಕ ಇಟ್ಟಿದ್ದು ನಿಜವಾದ ಕೆಲ್ಸನೇ, ಎಷ್ಟು ಜನರ ಕೂಲಿ ಅಂತ ಕೇಳಿದ್ರೆ ನಿನ್ನ ಹತ್ರ ಉತ್ತರ ಇದೆ. ಆದ್ರೆ "ಎಸ್ಟೇಟ್ ಫೈನಾನ್ಸ್ ಮ್ಯಾನೇಜರ್" ಅಂತ ಮಾತ್ರ ಹಾಕ್ಬೇಡ, ಸಂಬಳದ ಚೀಟಿ, ರೆಫರೆನ್ಸ್ ಕೇಳಿದ್ರೆ ಮನೆಯವರ ಹೆಸ್ರನ್ನೇ ಕೊಡ್ಬೇಕಾಗುತ್ತೆ. ನಾನು ಬಂದ ಹೊಸ್ತಲ್ಲಿ ಹಳೇ ಕೆಲ್ಸದ ತಾರೀಖನ್ನ ಎರಡು ವರ್ಷ ಎಳೆದು ಹಾಕಿದ್ದೆ. ಆಫರ್ ಬಂದ್ಮೇಲೆ ಹಳೇ ಆಫೀಸಿಗೆ ಫೋನ್ ಹೋಯ್ತು, ತಾರೀಖು ತಾಳೆ ಆಗ್ಲಿಲ್ಲ, ಆಫರ್ ವಾಪಸ್ ತಗೊಂಡ್ರು. ಗ್ಯಾಪ್ ಇದ್ದಿದ್ರೂ ತಗೋತಿದ್ವಿ ಅಂತ ಅವ್ರೇ ಹೇಳಿದ್ರು, ಅದು ಇವತ್ತಿಗೂ ನೋವಾಗುತ್ತೆ.

ಲಿಂಕ್ಡ್‌ಇನ್‌ನಲ್ಲಿ ಕೆಲ್ಸದ ಪಟ್ಟಿಲಿ Career break ಅಂತ ಬೇರೆನೇ ಸೇರಿಸ್ಬಹುದು, ಅದ್ರಲ್ಲಿ Caregiving ಆರಿಸಿ ಅದೇ ವರ್ಷ ಹಾಕು. ರೆಸ್ಯೂಮೆ, ಸಮ್ಮರಿ, ಆ ಪಟ್ಟಿ ಮೂರರಲ್ಲೂ ವರ್ಷ ಒಂದೇ ಇರ್ಲಿ, ಜನ ಅನುಮಾನ ಪಡೋದು ಅಲ್ಲೇ.

ಇಂಟರ್ವ್ಯೂಲಿ ಕೇಳಿದ್ರೂ ಈ ವಾಕ್ಯನೇ ಹೇಳಿ ನಿಲ್ಸು. ಅವ್ರು ಇನ್ನೂ ಕೇಳಿದ್ರೆ ಬಟವಾಡೆ ಲೆಕ್ಕದ ಕಡೆ ಮಾತು ತಿರುಗ್ಸು.