ಹುಡುಗ ಒಳ್ಳೆಯವನೇ, ಆದರೆ ಪೇಜ್ ಅವನ ಕೈಯಲ್ಲಿದೆ

“ಮೇಡಂ, ಶಿರಸಿಯಲ್ಲಿ ನಮ್ಮದು ಹಪ್ಪಳ, ಉಪ್ಪಿನಕಾಯಿ ಮಾಡಿ ಮಾರುವ ಸಣ್ಣ ವ್ಯಾಪಾರ. ಆರ್ಡರ್ ಜಾಸ್ತಿ ಬರುವುದು ಫೇಸ್‌ಬುಕ್ ಪೇಜ್‌ನಿಂದ. ಅದನ್ನು ಶುರು ಮಾಡಿ, ಇಷ್ಟು ವರ್ಷ ನೋಡಿಕೊಂಡವನು ಪಕ್ಕದ ಮನೆಯ ಹುಡುಗ. ಈಗ ಬೆಂಗಳೂರಲ್ಲಿ ಕೆಲಸ ಸಿಕ್ಕಿ ಮುಂದಿನ ಶನಿವಾರ ಹೊರಡುತ್ತಿದ್ದಾನೆ. ‘ಇವತ್ತೇ ಅವನನ್ನು ಪೇಜ್‌ನಿಂದ ತೆಗೆ’ ಅಂತಾರೆ ನಮ್ಮ ಯಜಮಾನರು. ಹಾಗೆ ಮಾಡಿದರೆ ನಂಬಿಕೆ ಇಲ್ಲ ಅಂದ ಹಾಗಾಗುತ್ತದೆ. ಅವನ ಅಮ್ಮ ದಿನಾ ಎದುರಿಗೆ ಸಿಗುತ್ತಾರೆ. ಕೆಲಸಕ್ಕೆ ಹೊಸದಾಗಿ ಇಬ್ಬರು ಹುಡುಗಿಯರು ಬಂದಿದ್ದಾರೆ. ಏನು ಮಾಡಲಿ?”

ಯಜಮಾನರ ಮಾತು ಸರಿ, ಅವಸರ ಮಾತ್ರ ಸರಿಯಿಲ್ಲ. ಅವನನ್ನು ಇವತ್ತೇ ತೆಗೆಯಲು ನಿಮ್ಮಿಂದ ಆಗುತ್ತದೋ ಇಲ್ಲವೋ ಅದನ್ನು ಮೊದಲು ನೋಡಿ. ನಿಮ್ಮ ಐಡಿಯಿಂದ ಪೇಜ್‌ಗೆ ಹೋಗಿ, ಸೆಟ್ಟಿಂಗ್ಸ್‌ನಲ್ಲಿ Page access ತೆರೆಯಿರಿ. ಯಾರ್ಯಾರಿಗೆ ಯಾವ ಅಧಿಕಾರ ಇದೆ ಅನ್ನುವುದು ಅಲ್ಲಿರುತ್ತದೆ. ನಿಮ್ಮ ಹೆಸರಿಗೆ ಪೂರ್ತಿ ಅಧಿಕಾರ, ಅಂದರೆ Full control ಇದ್ದರೆ ಯೋಚನೆಯಿಲ್ಲ. ಇಲ್ಲದಿದ್ದರೆ ಬೇರೆಯವರನ್ನು ಸೇರಿಸುವುದೂ ತೆಗೆಯುವುದೂ ನಿಮ್ಮ ಕೈಲಿ ಆಗುವುದಿಲ್ಲ. ಪೇಜ್ ಶುರುವಾಗಿದ್ದು ಅವನ ಐಡಿಯಿಂದ, ಆದ್ದರಿಂದ ನಿಮ್ಮ ಪರಿಸ್ಥಿತಿ ಇದೇ ಇರಬೇಕು ಅನ್ನಿಸುತ್ತದೆ. ಜಗಳವಾಡಿದರೆ ನಷ್ಟ ನಿಮಗೇ.

ಹುಡುಗನನ್ನು ಕಾಫಿಗೆ ಕರೆಯಿರಿ. ‘ನೀನು ಹೊರಡೋ ಮೊದಲು ಪೇಜ್ ನನ್ನ ಕೈಗೆ ಕೊಟ್ಟು ಹೋಗು, ಅಂಗಡಿ ಕೀ ಕೊಟ್ಟು ಹೋಗ್ತಾರಲ್ಲ ಹಾಗೆ’ ಎನ್ನಿ. ಇದರಲ್ಲಿ ಅನುಮಾನದ ಮಾತೇ ಇಲ್ಲ. ಅವನಿಗೂ ಇದೇ ಒಳ್ಳೆಯದು. ನಾಳೆ ಅವನ ಐಡಿ ಯಾರಾದರೂ ಹ್ಯಾಕ್ ಮಾಡಿ ನಿಮ್ಮ ಪೇಜ್‌ನಲ್ಲಿ ಏನಾದರೂ ಹಾಕಿದರೆ, ಊರಲ್ಲಿ ಬೈಸಿಕೊಳ್ಳುವವನು ಅವನೇ ಅಲ್ವಾ?

ಎದುರಿಗೆ ಕೂತು ಮಾಡಿ, ಫೋನಲ್ಲಿ ಬೇಡ. ಅವನು Page access ಒಳಗೆ Add New ಒತ್ತಿ, ನಿಮ್ಮ ಹೆಸರು ಹುಡುಕಿ, ಪೂರ್ತಿ ಅಧಿಕಾರದ ಗುಂಡಿಯನ್ನು ಆನ್ ಮಾಡಿ ಕಳಿಸಬೇಕು. ನೀವು ಅದನ್ನು ಒಪ್ಪಿಕೊಳ್ಳುವ ತನಕ ಕೆಲಸ ಮುಗಿದಿಲ್ಲ. ಎಷ್ಟೋ ಜನ ಇಲ್ಲೇ ಎಡವುತ್ತಾರೆ: ಕಳಿಸಿದ್ದಾಯಿತು ಅಂತ ಅವನು ಊರು ಬಿಡುತ್ತಾನೆ, ಒಪ್ಪಿಕೊಳ್ಳದೆ ಇವರು ಸುಮ್ನೆ ಇರುತ್ತಾರೆ. ಹೀಗೇ ನಿಮ್ಮ ಮನೆಯ ಇನ್ನೊಬ್ಬರಿಗೂ, ಮಗಳಿಗೋ ಯಜಮಾನರಿಗೋ, ಪೂರ್ತಿ ಅಧಿಕಾರ ಕೊಡಿಸಿ. ನಿಮ್ಮೊಬ್ಬರ ಐಡಿ ಲಾಕ್ ಆದರೆ ಪೇಜ್‌ಗೆ ದಿಕ್ಕಿರುವುದಿಲ್ಲ. ಹಾಗಂತ ಮೂರನೆಯವರಿಗೆ ಕೊಡಬೇಡಿ. ಪೂರ್ತಿ ಅಧಿಕಾರ ಇರುವವರು ಪೇಜ್ ಅಳಿಸಬಹುದು, ನಿಮ್ಮನ್ನೇ ಹೊರಗೆ ಹಾಕಲೂಬಹುದು. ಪೇಜ್ ಶುರು ಮಾಡಿದವರು ಯಾರು ಅನ್ನುವುದು ಅಲ್ಲಿ ಲೆಕ್ಕಕ್ಕಿಲ್ಲ.

ನೀವಿಬ್ಬರೂ ಪಟ್ಟಿಯಲ್ಲಿ ಬಂದ ಮೇಲೇ ಅವನ ಹೆಸರು ತೆಗೆಯಿರಿ. ಅವನು ಹಾಕಿದ ಫೋಟೋ, ಪೋಸ್ಟ್‌ಗಳು ಪೇಜ್‌ನಲ್ಲೇ ಇರುತ್ತವೆ, ಹೆದರಬೇಡಿ. ಆಮೇಲೆ ಪಟ್ಟಿ ಪೂರ್ತಿ ಓದಿ. ಅವನ ಹಳೆಯ ಇನ್ನೊಂದು ಐಡಿ, ಯಾವತ್ತೋ ಸಹಾಯಕ್ಕೆ ಸೇರಿಸಿಕೊಂಡ ಅವನ ಗೆಳೆಯ ಇನ್ನೂ ಅಲ್ಲಿರಬಹುದು. ಅವನನ್ನು ತೆಗೆದ ಮಾತ್ರಕ್ಕೆ ಅವನು ಸೇರಿಸಿದವರು ಹೋಗುವುದಿಲ್ಲ. ಪೇಜನ್ನು ಮೆಟಾದ ಬಿಸಿನೆಸ್ ಖಾತೆಗೆ ಸೇರಿಸಿದ್ದರೆ ಅಲ್ಲಿಯ People ಪಟ್ಟಿಯೂ ಬೇರೆ ಇರುತ್ತದೆ, ಅದನ್ನೂ ನೋಡಿ.

ಜಾಹೀರಾತು ಕೊಡುತ್ತಿದ್ದರೆ ಇನ್ನೊಂದು ಪ್ರಶ್ನೆ ಕೇಳಿ: ದುಡ್ಡು ಯಾರ ಕಾರ್ಡಿನಿಂದ, ಯಾರ ಜಾಹೀರಾತು ಖಾತೆಯಿಂದ ಹೋಗುತ್ತಿತ್ತು? ಆ ಖಾತೆ ಪೇಜ್‌ಗಿಂತ ಬೇರೆ. ಅವನ ಸ್ವಂತ ಖಾತೆಗೆ ನಿಮ್ಮ ಕಾರ್ಡ್ ಹಾಕಿದ್ದರೆ, ಅವನಿಂದಲೇ ಅಲ್ಲಿಂದ ತೆಗೆಸಿ.

ಇನ್‌ಸ್ಟಾಗ್ರಾಮ್ ಇದ್ದರೆ ಅದು ಬಹುಶಃ ಒಂದೇ ಪಾಸ್‌ವರ್ಡ್‌ನಲ್ಲಿ ಎಲ್ಲರೂ ಬಳಸುವಂಥದ್ದು. ಅಲ್ಲಿ ಅನುಕ್ರಮ ತಪ್ಪಬಾರದು. ಮೊದಲು ಖಾತೆಯ ಫೋನ್ ನಂಬರ್, ಇಮೇಲ್, ಎರಡನೇ ಹಂತದ ಕೋಡ್ ಬರುವ ನಂಬರ್, ಈ ಮೂರನ್ನೂ ನಿಮ್ಮದಕ್ಕೆ ಬದಲಿಸಿ. ಆಮೇಲೆ ಪಾಸ್‌ವರ್ಡ್. ಕೊನೆಗೆ ಲಾಗಿನ್ ಆಗಿರುವ ಬೇರೆ ಫೋನ್‌ಗಳನ್ನೆಲ್ಲ ಹೊರಗೆ ಹಾಕಿ. ಪಾಸ್‌ವರ್ಡ್ ಮಾತ್ರ ಬದಲಿಸಿದರೆ ಮುಂದೊಂದು ದಿನ ಕೋಡ್ ಬೆಂಗಳೂರಿನ ಅವನ ಫೋನಿಗೆ ಹೋಗುತ್ತದೆ, ನೀವು ಇಲ್ಲಿ ಕಾಯುತ್ತಾ ಕೂರುತ್ತೀರಿ.

ಹೊಸ ಹುಡುಗಿಯರಿಗೆ ನಿಮ್ಮ ಪಾಸ್‌ವರ್ಡ್ ಕೊಡಬೇಡಿ. ಅದೇ Page access ಒಳಗೆ ಕೆಲಸಕ್ಕೆ ತಕ್ಕ ಅಧಿಕಾರ ಕೊಡುವ Task access ಇದೆ. ಆರ್ಡರ್ ನೋಡುವವಳಿಗೆ ಮೆಸೇಜ್ ಮತ್ತು ಕಾಮೆಂಟ್, ಫೋಟೋ ಹಾಕುವವಳಿಗೆ ಪೋಸ್ಟ್ ಮಾಡುವುದು ಸಾಕು. ಜಾಹೀರಾತಿನದ್ದು ಇಬ್ಬರಿಗೂ ಬೇಡ. ಅವರು ತಮ್ಮ ತಮ್ಮ ಐಡಿಯಿಂದ ಮೆಟಾ ಬಿಸಿನೆಸ್ ಸೂಟ್ ಆ್ಯಪ್‌ನಲ್ಲಿ ಕೆಲಸ ಮಾಡುತ್ತಾರೆ, ಬಿಟ್ಟು ಹೋದ ದಿನ ಅವರ ಹೆಸರು ಮಾತ್ರ ತೆಗೆದರಾಯಿತು. ಈ ಮಾತನ್ನು ಅವರು ಸೇರುವಾಗಲೇ ಹೇಳಿಬಿಡಿ, ಆಗ ಮುಂದೆ ಯಾರ ಅಮ್ಮನ ಮುಖ ನೋಡಲೂ ನಿಮಗೆ ಮುಜುಗರ ಇರುವುದಿಲ್ಲ.