ಪದವಿಯ ನಂತರ ಯಾವ ದಾರಿ: ಒಂದು ಸಾಲದ ಪಟ್ಟಿಯ ಮೂಲಕ ಉತ್ತರ

ಪ್ರಶ್ನೆ: ಅರ್ಥಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರದಲ್ಲಿ ಪದವಿ ಮುಗಿಸಿದ್ದೇನೆ. ನೀತಿ, ಅನಾಲಿಟಿಕ್ಸ್, ಬ್ಯಾಂಕಿಂಗ್, ಬೋಧನೆ ಇವುಗಳಲ್ಲಿ ನನಗೆ ಯಾವುದು ಹೊಂದುತ್ತದೆಂದು ತಿಳಿಯುವುದು ಹೇಗೆ?

ಉತ್ತರ: ಒಂದೇ ದತ್ತಾಂಶದ ಎದುರು ಕುಳಿತಾಗ ನಿಮ್ಮಲ್ಲಿ ಮೊದಲು ಯಾವ ಪ್ರಶ್ನೆ ಹುಟ್ಟುತ್ತದೆಂದು ಗಮನಿಸಿ. ಬ್ಯಾಂಕೊಂದು ತಲಾ 1,00,000 ಮೊತ್ತದ 1,000 ಸಾಲಗಳನ್ನು ಕೊಟ್ಟಿದ್ದು, ಅವುಗಳಲ್ಲಿ 30 ಸಾಲಗಳು ಮೊದಲ ಕಂತಿನಿಂದಲೇ ಸುಸ್ತಿಯಾದವು, ಅವುಗಳ ಮೊತ್ತದಲ್ಲಿ ಶೇ. 40ರಷ್ಟು ಮಾತ್ರ ವಸೂಲಾಯಿತು ಎಂದುಕೊಳ್ಳೋಣ.

ಬ್ಯಾಂಕಿನ ಅಪಾಯ ನಿರ್ವಹಣಾ ವಿಭಾಗವು ಶೇ. 3ರ ಸುಸ್ತಿ ಸಂಭವನೀಯತೆಯನ್ನು ಶೇ. 60ರ ನಷ್ಟದಿಂದಲೂ 1,00,000 ಸಾಲದ ಮೊತ್ತದಿಂದಲೂ ಗುಣಿಸಿ, ಪ್ರತಿ ಸಾಲಕ್ಕೆ 1,800 ನಿರೀಕ್ಷಿತ ನಷ್ಟವೆಂದು ಲೆಕ್ಕ ಹಾಕುತ್ತದೆ.

ಯಾರು ಸುಸ್ತಿದಾರರಾಗಬಹುದೆಂದು ಮುಂಚಿತವಾಗಿ ಗುರುತಿಸುವುದು ಅನಾಲಿಟಿಕ್ಸ್‌ನ ಕೆಲಸ. ಹೊಸಬರು ಎಡವುವುದು ಇಲ್ಲಿಯೇ: "ಎಲ್ಲರೂ ಮರುಪಾವತಿಸುತ್ತಾರೆ" ಎನ್ನುವ ಮಾದರಿ ಶೇ. 97ರಷ್ಟು ಸರಿಯಾಗಿದ್ದರೂ ಆ 30ರಲ್ಲಿ ಒಂದನ್ನೂ ಹಿಡಿಯುವುದಿಲ್ಲ.

ನೀತಿ ಸಂಶೋಧಕರ ಪ್ರಶ್ನೆ ಇನ್ನೂ ಕಠಿಣ, ನನ್ನ ದೃಷ್ಟಿಯಲ್ಲಿ ಅತ್ಯಂತ ಸ್ವಾರಸ್ಯಕರ: ಬಡ್ಡಿ ಇಳಿಸಿದರೆ ಸುಸ್ತಿ ಕಡಿಮೆಯಾಗುತ್ತದೆಯೇ? ಕಡಿಮೆ ಬಡ್ಡಿಯವರು ಸರಿಯಾಗಿ ಕಟ್ಟಿದ್ದಾರೆಂದು ಪಟ್ಟಿ ತೋರಿಸಬಹುದು, ಆದರೆ ಮೊದಲೇ ನಂಬಿಕಸ್ತರೆನಿಸಿದವರಿಗೇ ಬ್ಯಾಂಕು ಕಡಿಮೆ ಬಡ್ಡಿ ಕೊಟ್ಟಿರುವುದರಿಂದ, ಆ ಹೋಲಿಕೆಯಿಂದ ಕಾರಣ ತಿಳಿಯದು. ಅರ್ಜಿದಾರರಲ್ಲಿ ಕೆಲವರಿಗೆ ಚೀಟಿ ಎತ್ತಿ ಬಡ್ಡಿ ಇಳಿಸಿದ್ದರೆ ಮಾತ್ರ ಎರಡು ಗುಂಪುಗಳನ್ನು ನೇರವಾಗಿ ಹೋಲಿಸಬಹುದು.

ಈ ವ್ಯತ್ಯಾಸವನ್ನು ಸೂತ್ರವಿಲ್ಲದೆ ಸಹಪಾಠಿಗೆ ಅರ್ಥವಾಗುವಂತೆ ಹೇಳುವುದರಲ್ಲೇ ನಿಮಗೆ ಹೆಚ್ಚು ತೃಪ್ತಿ ಸಿಕ್ಕರೆ, ಬೋಧನೆಗಾಗಿ ಸ್ನಾತಕೋತ್ತರ ಪದವಿಯ ಕಡೆ ನೋಡಿ.