ಹಸುವನ್ನು ಬಿಚ್ಚಿಬಿಡಿ, ಲೋಲಕವನ್ನು ತನ್ನಿ

“ಮಾನ್ಯ ಸಂಪಾದಕರಿಗೆ ನಮಸ್ಕಾರ. ‘ಅವಕಲ-ಬೀಜಗಣಿತ ಸಮೀಕರಣಗಳು: ಒಂದು ಪರಿಚಯ’ ಎಂಬ ಲೇಖನ ಕಳಿಸಿದ್ದೇನೆ. ಇಂಡೆಕ್ಸ್ ಎಂದರೇನು, ಮಾಮೂಲಿ ಅವಕಲ ಸಮೀಕರಣಗಳನ್ನು ಸಲೀಸಾಗಿ ಬಿಡಿಸುವ ಸಾಲ್ವರ್‌ಗಳು ಇಲ್ಲೇಕೆ ತಿಣುಕುತ್ತವೆ ಎನ್ನುವುದನ್ನು ಗೂಟಕ್ಕೆ ಕಟ್ಟಿದ ಹಸುವಿನ ಉದಾಹರಣೆಯಿಂದ ವಿವರಿಸಿದ್ದೇನೆ. ಪ್ರಕಟಣೆಗೆ ಆಗುತ್ತದೆಯೇ? ಆಗದಿದ್ದರೆ ಎಲ್ಲಿ ಎಡವಿದ್ದೇನೆ ಎಂದು ಮುಲಾಜಿಲ್ಲದೆ ತಿಳಿಸಿ.”

ನಮಸ್ಕಾರ. ಈಗಿರುವ ರೂಪದಲ್ಲಿ ಆಗುವುದಿಲ್ಲ. ನಿಮ್ಮ ಕನ್ನಡದ ಬಗ್ಗೆ ನನ್ನ ತಕರಾರಿಲ್ಲ, ತಕರಾರು ಗಣಿತದ ಬಗ್ಗೆ.

ಹಸುವಿನಿಂದಲೇ ಶುರು ಮಾಡೋಣ. ಹಗ್ಗ ಸಡಿಲಾದಾಗ ಹಸು ಗೂಟದ ಹತ್ತಿರಕ್ಕೂ ಬರಬಹುದು. ಅಂದರೆ ಅಲ್ಲಿರುವ ನಿರ್ಬಂಧ “ಇಷ್ಟು ದೂರ ಮೀರಬಾರದು” ಎನ್ನುವ ಅಸಮತೆ. ನೀವು ಅದರ ಕೆಳಗೆ ಬರೆದಿರುವುದು ಸಮತೆ. ಎರಡೂ ಬೇರೆ ಬೇರೆ ಲೆಕ್ಕಗಳು. ಹಗ್ಗದ ಬದಲು ಬಾಗದ, ಹಿಗ್ಗದ ಸರಳಿನ ತುದಿಗೆ ಗುಂಡು ಕಟ್ಟಿದ ಲೋಲಕ ತೆಗೆದುಕೊಳ್ಳಿ. ದ್ರವ್ಯರಾಶಿ 1 ಇರಲಿ, y ಮೇಲ್ಮುಖವಾಗಿರಲಿ:

```
x' = u
y' = v
u' = -λx
v' = -λy - g
x² + y² = L²
```

ಮೊದಲ ನಾಲ್ಕು ಅವಕಲ ಸಮೀಕರಣಗಳು, ಕೊನೆಯದು ಬರಿಯ ಬೀಜಗಣಿತ. ಹೀಗೆ ಎರಡೂ ಬೆರೆತದ್ದೇ ಅವಕಲ-ಬೀಜಗಣಿತ ಸಮೀಕರಣ, ಇಂಗ್ಲಿಷಿನಲ್ಲಿ DAE. ಇಲ್ಲಿ L ಸರಳಿನ ಉದ್ದ, g ಗುರುತ್ವ ವೇಗೋತ್ಕರ್ಷ, λ ಸರಳಿನ ಎಳೆತಕ್ಕೆ ಸಂಬಂಧಿಸಿದ್ದು. ಓದುಗರಿಗೆ ಮೊದಲು ತೋರಿಸಬೇಕಾದದ್ದು ಇದು: λ' ಎಲ್ಲೂ ಇಲ್ಲ, λ ಎಷ್ಟೆಂದು ಹೇಳಬೇಕಿದ್ದ ಕೊನೆಯ ಸಮೀಕರಣದಲ್ಲಿ λ ಕೂಡ ಇಲ್ಲ. ಹಾಗಾದರೆ ಅದನ್ನು ಹುಡುಕುವುದು ಹೇಗೆ? ಕೊನೆಯ ಸಮೀಕರಣವನ್ನು ಒಮ್ಮೆ ಅವಕಲಿಸಿ: xu + yv = 0. ವೇಗ ಸರಳಿಗೆ ಲಂಬವಾಗಿರಬೇಕು ಎಂದಾಯಿತು, λ ಇನ್ನೂ ಕಾಣಲಿಲ್ಲ. ಇನ್ನೊಮ್ಮೆ ಅವಕಲಿಸಿ u', v' ಗಳ ಬೆಲೆ ತುಂಬಿದರೆ λ = (u² + v² − gy)/(x² + y²). ಈಗ ಸಿಕ್ಕಿತು. ಮೂರನೆಯ ಸಲ ಅವಕಲಿಸಿ ಹಿಂದಿನ ನಿರ್ಬಂಧಗಳನ್ನು ಬಳಸಿದರೆ λ' = −3gv/L². ಎಲ್ಲ ಅಜ್ಞಾತಗಳಿಗೂ ಅವಕಲ ಸಮೀಕರಣ ಸಿಗಲು ಮೂರು ಸಲ ಅವಕಲಿಸಬೇಕಾಯಿತು, ಆದ್ದರಿಂದ ಇಂಡೆಕ್ಸ್ 3. “ಇಂಡೆಕ್ಸ್ ಎಂದರೆ ಕಷ್ಟದ ಅಳತೆ” ಎಂಬ ನಿಮ್ಮ ವಾಕ್ಯ ತಪ್ಪಲ್ಲ, ಆದರೆ ಅದನ್ನು ಓದಿದವರು ಇಂಡೆಕ್ಸ್ ಎಣಿಸಲು ಕಲಿಯುವುದಿಲ್ಲ.

ಈ ಅವಕಲನದ ದಾರಿಯಲ್ಲಿ ಸಿಕ್ಕ xu + yv = 0 ಅನ್ನು ನೀವು ಗಮನಿಸಿದ್ದರೆ ನಾಲ್ಕನೇ ಪುಟದ ಆರಂಭಿಕ ಬೆಲೆಗಳನ್ನು ಬರೆಯುತ್ತಿರಲಿಲ್ಲ. x = 1, y = 0, u = 1, v = 0, L = 1 ಎಂದಿದ್ದೀರಿ. ಉದ್ದವೇನೋ ಸರಿಯಾಗಿದೆ. ಆದರೆ xu + yv = 1 ಆಗುತ್ತದೆ. ಗುಂಡು ಸರಳಿನ ಗುಂಟ ಹೊರಕ್ಕೆ ಓಡುತ್ತಿದೆ ಎಂದು ಹೇಳಿದಂತಾಯಿತು, ಸರಳು ಹಿಗ್ಗಬೇಕು. ಮಾಮೂಲಿ ಅವಕಲ ಸಮೀಕರಣಕ್ಕೆ ಆರಂಭಿಕ ಬೆಲೆ ಏನು ಕೊಟ್ಟರೂ ನಡೆಯುತ್ತದೆ. ಇಲ್ಲಿ ಬರೆದ ನಿರ್ಬಂಧದ ಜೊತೆ ಬಚ್ಚಿಟ್ಟುಕೊಂಡ ನಿರ್ಬಂಧಗಳಿಗೂ ಹೊಂದಬೇಕು. x = 0.6, y = −0.8, ವೇಗ ಸೊನ್ನೆ ಎಂದು ಇಡಿ, g = 9.8 ಆದರೆ λ = 7.84 ಬರುತ್ತದೆ.

ಇನ್ನು ಲೇಖನದ ಜೀವಾಳ, ಸಾಲ್ವರ್ ಏಕೆ ತಿಣುಕುತ್ತದೆ ಎನ್ನುವುದು. “ಇವು ಅಪರಿಮಿತ ಬಿಗಿಯ ಅವಕಲ ಸಮೀಕರಣಗಳು, ಹೆಜ್ಜೆ ಚಿಕ್ಕದು ಮಾಡಿದರೆ ಸರಿಹೋಗುತ್ತದೆ” ಎಂದು ಒಂದೇ ಪ್ಯಾರಾದಲ್ಲಿ ಮುಗಿಸಿಬಿಟ್ಟಿದ್ದೀರಿ. ಬಿಗಿ ಎಂದರೆ ತೀರಾ ವೇಗದ ಮತ್ತು ನಿಧಾನದ ಬದಲಾವಣೆಗಳು ಒಟ್ಟಿಗಿದ್ದು ಸಾಲ್ವರ್ ಅನ್ನು ಪುಟ್ಟ ಹೆಜ್ಜೆಗೆ ಕಟ್ಟಿಹಾಕುವುದು. ಆ ಮಾತು ಇಂಡೆಕ್ಸ್ 1ಕ್ಕೆ ಹೆಚ್ಚು ಕಡಿಮೆ ಹೊಂದುತ್ತದೆ. ಇಂಡೆಕ್ಸ್ 3ರಲ್ಲಿ ಹೆಜ್ಜೆ ಚಿಕ್ಕದು ಮಾಡುವುದೇ ಕಾಯಿಲೆ. ಲಿಂಡಾ ಪೆಟ್ಜೋಲ್ಡ್ 1982ರ ತಮ್ಮ ಲೇಖನಕ್ಕೆ, ಇವು ಸಾಮಾನ್ಯ ಅವಕಲ ಸಮೀಕರಣಗಳಲ್ಲ ಎಂಬ ಅರ್ಥದ ತಲೆಬರಹವನ್ನೇ ಕೊಟ್ಟಿದ್ದು ಸುಮ್ಮನೆ ಅಲ್ಲ.

ಇದನ್ನು ಕೈಯಲ್ಲೇ ಲೆಕ್ಕ ಹಾಕಿ ತೋರಿಸಬಹುದು, ಲೋಲಕವೂ ಬೇಡ. ಇಂಡೆಕ್ಸ್ 3ರ ಅತಿ ಚಿಕ್ಕ ಮಾದರಿ ಇದು:

```
p = t²
p' = q
q' = r
```

ಉತ್ತರ ಎಲ್ಲರಿಗೂ ಗೊತ್ತು: q = 2t, r = 2. ಇದನ್ನು ಹಿಮ್ಮುಖ ಆಯ್ಲರ್ ವಿಧಾನಕ್ಕೆ ಕೊಡಿ. p ತಿಳಿದದ್ದೇ, ಆದ್ದರಿಂದ ಸಾಲ್ವರ್ q ಅನ್ನು p ಗಳ ವ್ಯತ್ಯಾಸವನ್ನು ಹೆಜ್ಜೆಯ ಉದ್ದ h ನಿಂದ ಭಾಗಿಸಿ ಪಡೆಯುತ್ತದೆ: ಬರುವುದು 2t − h. ತಪ್ಪು h ನಷ್ಟು, ಪರವಾಗಿಲ್ಲ. r ಬೇಕಾದರೆ ಆ q ಗಳ ವ್ಯತ್ಯಾಸವನ್ನು ಮತ್ತೆ h ನಿಂದ ಭಾಗಿಸಬೇಕು. ಹಿಂದಿನ ಹೆಜ್ಜೆ H, ಈಗಿನದು h ಎಂದಿಟ್ಟರೆ ಸಿಗುವುದು r = 1 + H/h. ಹೆಜ್ಜೆಗಳು ಸಮವಾಗಿದ್ದರೆ 2, ಸರಿಯುತ್ತರ. ಈಗ ಸಾಲ್ವರ್ ಎಂದಿನ ಅಭ್ಯಾಸದಂತೆ ಹೆಜ್ಜೆಯನ್ನು ಅರ್ಧಕ್ಕೆ ಇಳಿಸಿತು ಎನ್ನಿ: r = 3. ದೋಷ ಪರೀಕ್ಷೆ ಇದನ್ನು ನೋಡಿ ಹೆಜ್ಜೆಯನ್ನು ತಿರಸ್ಕರಿಸುತ್ತದೆ, ಮತ್ತೆ ಅರ್ಧ ಮಾಡುತ್ತದೆ. H ಬದಲಾಗಿಲ್ಲವಾದ್ದರಿಂದ r = 5. ಇನ್ನೊಮ್ಮೆ ಅರ್ಧಿಸಿದರೆ 9. ಎಚ್ಚರಿಕೆ ಹೆಚ್ಚಿದಷ್ಟೂ ಉತ್ತರ ದೂರ ಓಡುತ್ತದೆ. ಕೊನೆಗೆ ಹೆಜ್ಜೆ ತೀರಾ ಚಿಕ್ಕದಾಯಿತೆಂದು ಸಾಲ್ವರ್ ಕೈಚೆಲ್ಲುತ್ತದೆ, ಬಳಸುವವರು ತಮ್ಮ ಮಾದರಿಯಲ್ಲೇ ತಪ್ಪಿದೆ ಅಂದುಕೊಳ್ಳುತ್ತಾರೆ.

ಕಾರಣ ಸರಳ. ಮಾಮೂಲಿ ಸಮೀಕರಣದಲ್ಲಿ ಸಾಲ್ವರ್ ಮಾಡುವುದು ಅನುಕಲನ, ಬಲಬದಿಯ ತಪ್ಪು h ನಿಂದ ಗುಣಿಸಿ ಬರುತ್ತದೆ, ಹೆಜ್ಜೆ ಚಿಕ್ಕದಾದರೆ ತಪ್ಪೂ ಚಿಕ್ಕದು. ಇಲ್ಲಿ ಅದು ಗುಟ್ಟಾಗಿ ಅವಕಲನ ಮಾಡುತ್ತಿದೆ, ತಪ್ಪು h ನಿಂದ ಭಾಗಿಸಲ್ಪಡುತ್ತದೆ, r ಗೆ ಬರುವಷ್ಟರಲ್ಲಿ ಎರಡು ಸಲ. ಲೋಲಕದ λ ಗೂ ಇದೇ ಗತಿ. ಅದಕ್ಕೇ ಕೆಲವರು λ ಅನ್ನು ದೋಷ ಪರೀಕ್ಷೆಯಿಂದಲೇ ಹೊರಗಿಡುತ್ತಾರೆ. ಮ್ಯಾಟ್‌ಲ್ಯಾಬ್‌ನ `ode15s` ಇಂಡೆಕ್ಸ್ 1ರವರೆಗೆ ಮಾತ್ರ ಹೊಣೆ ಹೊರುತ್ತದೆ, ಮೇಲಿನದನ್ನು ಕೊಟ್ಟರೆ `This DAE appears to be of index greater than 1` ಎಂದು ಮುಖಕ್ಕೇ ಹೇಳುತ್ತದೆ. ಈ ಸಂದೇಶ ಕಂಡು ಕಂಗಾಲಾದವರೇ ನಿಮ್ಮ ಓದುಗರು. ಲೇಖನದಲ್ಲಿ ಅದರ ಸುಳಿವೇ ಇಲ್ಲ.

“ಹಾಗಾದರೆ ಮೊದಲೇ ಅವಕಲಿಸಿ ಇಂಡೆಕ್ಸ್ ಇಳಿಸಿಬಿಟ್ಟರಾಯಿತು” ಎಂದು ಕೊನೆಯಲ್ಲಿ ಪರಿಹಾರ ಕೊಟ್ಟಿದ್ದೀರಿ. ಅರ್ಧ ಸರಿ. λ ನ ಸೂತ್ರವನ್ನು ತುಂಬಿದರೆ ಮಾಮೂಲಿ ಅವಕಲ ಸಮೀಕರಣಗಳೇ ಉಳಿಯುತ್ತವೆ, ಯಾವ ಸಾಲ್ವರ್ ಬೇಕಾದರೂ ಓಡಿಸುತ್ತದೆ. ಆದರೆ ಆ ಸಮೀಕರಣಗಳು ಕಾಯುವುದು ನಿರ್ಬಂಧದ ಎರಡನೇ ಅವಕಲನವನ್ನು ಮಾತ್ರ, ಉದ್ದ L ಎಂಬುದು ಅವಕ್ಕೆ ಮರೆತೇಹೋಗಿರುತ್ತದೆ. ಎಲ್ಲೋ ಒಂದು ಕಡೆ xu + yv ಸೊನ್ನೆಯ ಬದಲು 0.001 ಆಯಿತು ಅನ್ನಿ. ಮುಂದಿನ ಹೆಜ್ಜೆಗಳಲ್ಲಿ ಒಂದಿಷ್ಟೂ ತಪ್ಪಾಗದಿದ್ದರೂ ಅದು ಹಾಗೇ ಉಳಿಯುತ್ತದೆ, x² + y² ಪ್ರತಿ ಸೆಕೆಂಡಿಗೆ 0.002 ಬೆಳೆಯುತ್ತದೆ. 100 ಸೆಕೆಂಡಿಗೆ 1 ಇದ್ದದ್ದು 1.2. ಮೀಟರ್ ಉದ್ದದ ಉಕ್ಕಿನ ಸರಳು ಒಂಬತ್ತೂವರೆ ಸೆಂಟಿಮೀಟರ್ ಉದ್ದವಾಗಿದೆ. ಯಾವ ಎಚ್ಚರಿಕೆಯ ಸಂದೇಶವೂ ಬರುವುದಿಲ್ಲ, ನಕ್ಷೆ ನುಣುಪಾಗಿ ಕಾಣುತ್ತದೆ. ನೀವೇ x² + y² ಅನ್ನು ಬೇರೆಯಾಗಿ ಪ್ಲಾಟ್ ಮಾಡಿದರೆ ಮಾತ್ರ ಗೊತ್ತಾಗುವುದು.

ಇದಕ್ಕೆ 1972ರಲ್ಲಿ ಬೌಮ್‌ಗಾರ್ಟೆ ಸೂಚಿಸಿದ ದಾರಿಯೊಂದಿದೆ: ನಿರ್ಬಂಧದ ಎರಡನೇ ಅವಕಲನವನ್ನು ಸೊನ್ನೆ ಎಂದಿಡುವ ಬದಲು ಅದಕ್ಕೆ ಮೊದಲನೆಯದನ್ನೂ ಮೂಲ ನಿರ್ಬಂಧವನ್ನೂ ತಕ್ಕ ಗುಣಾಂಕಗಳೊಡನೆ ಸೇರಿಸಿ ಸೊನ್ನೆ ಎನ್ನುವುದು. ಆಗ ತಪ್ಪು ತಾನಾಗಿ ಕರಗುತ್ತದೆ. ಗುಣಾಂಕ ಎಷ್ಟಿರಬೇಕು ಎನ್ನುವುದಕ್ಕೆ ಎಲ್ಲ ಲೆಕ್ಕಕ್ಕೂ ಹೊಂದುವ ಉತ್ತರವಿಲ್ಲ, ದೊಡ್ಡದಾದರೆ ಸಮೀಕರಣ ಬಿಗಿಯಾಗುತ್ತದೆ. ಇನ್ನೊಂದು, ಪ್ರತಿ ಹೆಜ್ಜೆಯ ಬಳಿಕ ಗುಂಡನ್ನು ವೃತ್ತದ ಮೇಲಕ್ಕೂ ವೇಗವನ್ನು ಸ್ಪರ್ಶರೇಖೆಗೂ ಎಳೆದು ಕೂರಿಸುವುದು. ಲೋಲಕಕ್ಕೆ ನನಗೆ ಇದೇ ಮೆಚ್ಚುಗೆ.

ಮೊದಲ ಎರಡು ಪುಟಗಳ ಇತಿಹಾಸವನ್ನೂ ಹಸುವನ್ನೂ ತೆಗೆಯಿರಿ. 3, 5, 9ರ ಲೆಕ್ಕವನ್ನು ನೀವೇ p = t³ ಗೆ ಮಾಡಿ ನೋಡಿ, ಏನು ಬಂತೋ ಅದನ್ನು ಲೇಖನಕ್ಕೆ ಸೇರಿಸಿ. ಜೊತೆಗೆ x² + y² ನ ಪ್ಲಾಟ್ ಇರಲಿ. ಮೂರು ಪುಟ ಮೀರದಂತೆ ಕಳಿಸಿದರೆ ಮತ್ತೆ ಓದುತ್ತೇನೆ.